ಮೂಳೆ ಗಡ್ಡೆಗೆ ಸೂಜಿ ಹಾಕುವ ಮುನ್ನ

ಹದಿನೈದು ವರ್ಷದ ಹುಡುಗ. ಕಬಡ್ಡಿಯಲ್ಲಿ ಬಿದ್ದ ಮೇಲೆ ಮಂಡಿ ನೋವು ಅಂತಾನೆ. ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು, ಮಾತ್ರೆಯೂ ಆಯಿತು. ಎರಡು ತಿಂಗಳಾದರೂ ನೋವು ಹೋಗಲಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ಮಂಡಿಯ ಮೇಲ್ಭಾಗ ಊದಿಕೊಂಡು ಗಟ್ಟಿಯಾಗಿದೆ. ಇದು ಕಲ್ಪಿತ ರೋಗಿ, ಆದರೆ ಮೂಳೆ ಕ್ಯಾನ್ಸರ್ ನೋಡುವ ವೈದ್ಯರಿಗೆ ತೀರಾ ಪರಿಚಿತ ಕಥೆ. ಪೆಟ್ಟಿನಿಂದ ಗಡ್ಡೆ ಬರುವುದಿಲ್ಲ. ಪೆಟ್ಟು ಬಿದ್ದ ನೆಪದಲ್ಲಿ ಎಲ್ಲರ ಗಮನ ಅತ್ತ ಹೋಗುತ್ತದೆ, ಅಷ್ಟೇ.

ಈ ಹುಡುಗನ ಎಕ್ಸ್-ರೇ ನೋಡಿ ಏನು ಅನುಮಾನಿಸಬೇಕು ಅನ್ನುವುದು ನೂರು ವರ್ಷಗಳ ಹಿಂದೆ ಯಾರಿಗೂ ಸ್ಪಷ್ಟವಿರಲಿಲ್ಲ. ಈ ಕಾಯಿಲೆ ಅಪರೂಪ. ಒಬ್ಬ ಸರ್ಜನ್ ಜೀವಮಾನದಲ್ಲಿ ಕಾಣುತ್ತಿದ್ದದ್ದು ಬೆರಳೆಣಿಕೆಯಷ್ಟು. ಹಾಗಾಗಿ ಬಾಸ್ಟನ್‌ನ ಅರ್ನೆಸ್ಟ್ ಕಾಡ್‌ಮನ್ 1920ರ ಸುಮಾರಿಗೆ ಮೂಳೆ ಸಾರ್ಕೋಮಾಗಳ, ಅಂದರೆ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳ, ದಾಖಲೆ ಪಟ್ಟಿಯನ್ನೇ ಶುರು ಮಾಡಿದರು. ಬೇರೆ ಬೇರೆ ಊರಿನ ಸರ್ಜನ್‌ಗಳ ರೋಗಿಗಳ ವಿವರ, ಎಕ್ಸ್-ರೇ, ಗಡ್ಡೆಯ ಸ್ಲೈಡ್ ಎಲ್ಲ ಒಂದು ಕಡೆ ಸೇರತೊಡಗಿದವು. 1921ರಲ್ಲಿ ನ್ಯೂಯಾರ್ಕ್‌ನ ಜೇಮ್ಸ್ ಯೂಯಿಂಗ್, 14 ವರ್ಷದ ಹುಡುಗಿಯೊಬ್ಬಳ ಮುಂಗೈ ಮೂಳೆಯ ಗಡ್ಡೆಯನ್ನು ವಿವರಿಸಿದರು. ಅದು ಹೊಸ ಮೂಳೆ ಕಟ್ಟುವ ಮಾಮೂಲಿ ಮೂಳೆ ಕ್ಯಾನ್ಸರ್ ಆದ ಆಸ್ಟಿಯೋಸಾರ್ಕೋಮಾದ ಹಾಗಿರಲಿಲ್ಲ, ವಿಕಿರಣ ಕೊಟ್ಟರೆ ಕರಗುತ್ತಿತ್ತು. ಇಂದು ಅದಕ್ಕೆ ಅವರದೇ ಹೆಸರು.

ಹೀಗೆ ಒಟ್ಟುಗೂಡಿದ ಅನುಭವದಿಂದ ಒಂದು ಓದುವ ಕ್ರಮ ಬೆಳೆಯಿತು. ಮೊದಲು ವಯಸ್ಸು, ಆಮೇಲೆ ಜಾಗ, ಆಮೇಲೆ ಚಿತ್ರ. ಆಸ್ಟಿಯೋಸಾರ್ಕೋಮಾ ಜಾಸ್ತಿ ಬರುವುದು ಹತ್ತರಿಂದ ಇಪ್ಪತ್ತರ ಒಳಗೆ, ಮೂಳೆ ಸರಸರನೆ ಬೆಳೆಯುವ ತುದಿಯ ಹತ್ತಿರ. ಅದರಲ್ಲೂ ಮಂಡಿಯ ಸುತ್ತ. ಯೂಯಿಂಗ್ ಗಡ್ಡೆಯೂ ಮಕ್ಕಳು, ಹದಿಹರೆಯದವರದೇ. ಆದರೆ ಅದಕ್ಕೆ ಉದ್ದ ಮೂಳೆಯ ನಡುಭಾಗ ಮತ್ತು ಸೊಂಟದ ಮೂಳೆ ಇಷ್ಟ. ಚಿತ್ರದಲ್ಲಿ ಮೂಳೆ ಹುಳು ತಿಂದಂತೆ, ಮೇಲೆ ಈರುಳ್ಳಿಯಂತೆ ಪದರ ಪದರ. ನಲವತ್ತು ದಾಟಿದವರ ಸೊಂಟದಲ್ಲೋ ತೊಡೆಯ ಮೇಲ್ತುದಿಯಲ್ಲೋ ಸಣ್ಣ ಸಣ್ಣ ಬಿಳಿ ಉಂಗುರ, ಚುಕ್ಕೆ ಕಂಡರೆ ಮೃದ್ವಸ್ಥಿಯ ಕ್ಯಾನ್ಸರ್ ಆದ ಕಾಂಡ್ರೋಸಾರ್ಕೋಮಾ ನೆನಪಾಗಬೇಕು. ಅರವತ್ತರ ಆಸುಪಾಸಿನಲ್ಲಿ ತಲೆಬುರುಡೆ, ಬೆನ್ನುಮೂಳೆಯಲ್ಲಿ ತೂತು ಹೊಡೆದಂತೆ ಕಂಡರೆ ಮೂಳೆ ಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ. ಆ ವಯಸ್ಸಿನಲ್ಲಿ ಬೇರೆ ಅಂಗದಿಂದ ಹರಡಿದ ಕ್ಯಾನ್ಸರೇ ಹೆಚ್ಚು ಅನ್ನುವುದನ್ನು ಮಾತ್ರ ಮರೆಯಬಾರದು.

ನಮ್ಮ ಹುಡುಗನ ತೊಡೆ ಮೂಳೆಯ ಕೆಳತುದಿಯಲ್ಲಿ ಮೋಡದಂಥ ಬಿಳುಪು. ಅಂಚು ಎಲ್ಲಿ ಮುಗಿಯುತ್ತದೆ ಅಂತ ಹೇಳಲಾಗದು. ಮೂಳೆಯಿಂದ ಹೊರಗೆ ಸೂರ್ಯಕಿರಣದಂತೆ ಗೆರೆಗಳು. ಗಡ್ಡೆ ಮೂಳೆಯ ಮೇಲ್ಪೊರೆಯನ್ನು ಎತ್ತಿಹಿಡಿದ ಕಡೆ ಹೊಸ ಮೂಳೆಯ ಒಂದು ಚಿಕ್ಕ ತ್ರಿಕೋನ. ಅದನ್ನೇ ಕಾಡ್‌ಮನ್ ತ್ರಿಕೋನ ಅನ್ನುತ್ತಾರೆ. ವಯಸ್ಸು, ಜಾಗ, ಚಿತ್ರ ಮೂರೂ ಆಸ್ಟಿಯೋಸಾರ್ಕೋಮಾ ಅನ್ನುತ್ತಿವೆ. ಆದರೂ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕೇ ಬೇಕು. ಮೂಳೆಯ ಸೋಂಕು ಕೂಡ ಹೀಗೆ ಮೋಸ ಮಾಡಬಲ್ಲದು, ವಿಶೇಷವಾಗಿ ಯೂಯಿಂಗ್ ವೇಷದಲ್ಲಿ. ಅದಕ್ಕೇ ತೆಗೆದ ತುಣುಕಿನಲ್ಲಿ ಒಂದಿಷ್ಟನ್ನು ರೋಗಾಣು ಬೆಳೆಯುತ್ತದೆಯೇ ಅಂತ ನೋಡುವ ಕಲ್ಚರ್‌ಗೂ ಕಳಿಸುತ್ತಾರೆ.

ಬಯಾಪ್ಸಿಯ ನಿಯಮಗಳು ಬಿಗಿಯಾಗಿದ್ದು ಬಹಳ ತಡವಾಗಿ. ಅದಕ್ಕೂ ಕಾರಣವಿದೆ. ಮೊದಲೆಲ್ಲ ಉಳಿದಿದ್ದ ದಾರಿ ಕಾಲು ಕತ್ತರಿಸುವುದೊಂದೇ. ಹೇಗೂ ತೆಗೆಯುವ ಕಾಲು ತಾನೇ, ಎಲ್ಲಿ ಕೊಯ್ದರೇನು? ಮುಂದೆ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಓಡಿ ಹೆಸರಾದ ಕೆನಡಾದ ಟೆರ್ರಿ ಫಾಕ್ಸ್‌ಗೆ 1977ರಲ್ಲಿ 18ನೇ ವಯಸ್ಸಿನಲ್ಲಿ ಇದೇ ಕಾಯಿಲೆಗೆ ಮಂಡಿಯ ಮೇಲೆ ಕಾಲು ತೆಗೆದರು. ಅದೇ ದಶಕದಲ್ಲಿ ಕೀಮೋ ಬಂತು. ಗಡ್ಡೆಯನ್ನಷ್ಟೇ ತೆಗೆದು ಕಾಲು ಉಳಿಸುವುದು ಸಾಧ್ಯವಾಯಿತು. ಆಗ ಹಳೆಯ ಬಯಾಪ್ಸಿಯ ಗಾಯ ತೊಡಕಾಯಿತು. ಸೂಜಿ ಹೋದ ದಾರಿಯುದ್ದಕ್ಕೂ, ರಕ್ತ ಹರಡಿದಲ್ಲೆಲ್ಲ ಕ್ಯಾನ್ಸರ್ ಕೋಶಗಳು ಉಳಿದಿವೆ ಅಂತಲೇ ಲೆಕ್ಕ. ಆ ದಾರಿಯನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬೇಕು.

ಹಾಗಾಗಿ ಈ ಹುಡುಗನಿಗೆ ಮೊದಲು ಇಡೀ ತೊಡೆ ಮೂಳೆಯ ಎಂಆರ್‌ಐ, ಎದೆಯ ಸಿಟಿ ಆಗಬೇಕು. ಬಯಾಪ್ಸಿ ಆಮೇಲೆ. ಮೊದಲೇ ಸೂಜಿ ಹಾಕಿದರೆ ರಕ್ತಸ್ರಾವ, ಊತದಿಂದ ಎಂಆರ್‌ಐ ಚಿತ್ರ ಕೆಡುತ್ತದೆ. ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಸೂಜಿಯ ಜಾಗ ನಿರ್ಧರಿಸಬೇಕು. ಮುಂದಿನ ಕೊಯ್ತದ ಗೆರೆಯ ಮೇಲೇ ಸೂಜಿ ಇಳಿಯಬೇಕು. ಒಂದೇ ಸ್ನಾಯುವಿನ ಮೂಲಕ ಹೋಗಬೇಕು, ಮಂಡಿಯ ಕೀಲಿನೊಳಗೆ ಹೋಗಕೂಡದು, ದೊಡ್ಡ ರಕ್ತನಾಳದ ಹತ್ತಿರ ಸುಳಿಯಕೂಡದು. ಚರ್ಮ ಕೊಯ್ಯಬೇಕಾಗಿ ಬಂದರೆ ಕಾಲಿನ ಉದ್ದಕ್ಕೇ, ಅಡ್ಡಕ್ಕೆ ಎಂದಿಗೂ ಅಲ್ಲ. ಅಡ್ಡ ಗಾಯವಾದರೆ ಅದನ್ನು ಪೂರ್ತಿ ತೆಗೆಯಲು ಅಷ್ಟಗಲ ಚರ್ಮ, ಸ್ನಾಯು ಬಲಿಕೊಡಬೇಕು. ತುಣುಕನ್ನು ಎಲ್ಲಿಂದ ತೆಗೆಯಬೇಕು ಅನ್ನುವುದೂ ಮುಖ್ಯ. ಕಾಡ್‌ಮನ್ ತ್ರಿಕೋನದಿಂದ ತೆಗೆದರೆ ಬರೀ ಹೊಸ ಮೂಳೆ ಸಿಕ್ಕು, ಕ್ಯಾನ್ಸರ್ ಇಲ್ಲ ಅಂತ ವರದಿ ಬರಬಹುದು. ಗಡ್ಡೆಯ ನಡುವೆ ಸತ್ತ ಭಾಗವಿರಬಹುದು. ಹೊರ ಅಂಚಿನ ಮೆತ್ತನೆಯ ಭಾಗವೇ ವಾಸಿ.

ಈ ನಿಯಮ ಮುರಿದರೆ ಏನಾಗುತ್ತದೆ ಅಂತ 1982ರಲ್ಲಿ ಬಾಸ್ಟನ್‌ನ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. 329 ರೋಗಿಗಳಲ್ಲಿ ಶೇ 18ರಷ್ಟು ಮಂದಿಯ ರೋಗನಿರ್ಣಯದಲ್ಲೇ ದೊಡ್ಡ ತಪ್ಪಾಗಿತ್ತು. ಶೇ 4.5ರಷ್ಟು ಜನರ ಕೈಯೋ ಕಾಲೋ ಸುಮ್ನೆ ಹೋಗಿತ್ತು. ರೋಗಿಯನ್ನು ದೊಡ್ಡ ಕೇಂದ್ರಕ್ಕೆ ಕಳಿಸುವ ಮೊದಲೇ ಬಯಾಪ್ಸಿ ಮಾಡಿದ ಆಸ್ಪತ್ರೆಗಳಲ್ಲಿ ತೊಂದರೆ ಕೆಲವು ಪಟ್ಟು ಜಾಸ್ತಿ. 1996ರಲ್ಲಿ ಮತ್ತೆ 597 ರೋಗಿಗಳನ್ನು ನೋಡಿದರು. ಇಷ್ಟು ವರ್ಷದಲ್ಲಿ ಸುಧಾರಿಸಿರಬೇಕಿತ್ತು ಅಲ್ವಾ? ತಪ್ಪಿನ ಪ್ರಮಾಣ ಶೇ 17.8. ಕತ್ತರಿಸಬೇಕಿಲ್ಲದ ಕೈಕಾಲು ಕಳೆದುಕೊಂಡವರು 18 ಮಂದಿ.