ಶಾರ್ಪ್ ಮುಖವನ್ನು ಮಸುಕು ಫೋಟೋಗೆ ಕೂರಿಸುವಾಗ ಬ್ಲರ್ ಎಷ್ಟು ಕೊಡಬೇಕು?

ಪ್ರಶ್ನೆ: ಅಕ್ಕನ ಮದುವೆಯ ಗ್ರೂಪ್ ಫೋಟೋದಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದಾರೆ, ಅಜ್ಜಿ ಮಾತ್ರ ಕಣ್ಣು ಮುಚ್ಚಿದ್ದಾರೆ. ಅದೇ ದಿನ ಹತ್ತಿರದಿಂದ ತೆಗೆದ ಇನ್ನೊಂದು ಫೋಟೋದಿಂದ ಅವರ ಮುಖ ತಂದು ಕೂರಿಸಿದೆ. ಬಣ್ಣ, ಬೆಳಕು ಎಲ್ಲ ಸರಿ ಇದೆ. ಆದರೂ ಮುಖ ಸ್ಟಿಕರ್ ಅಂಟಿಸಿದ ಹಾಗೆ ಕಾಣುತ್ತೆ. ಗ್ರೂಪ್ ಫೋಟೋದಲ್ಲಿ ಅಜ್ಜಿ ಹಿಂದಿನ ಸಾಲಿನಲ್ಲಿದ್ದಾರೆ, ಸ್ವಲ್ಪ ಔಟ್ ಆಫ್ ಫೋಕಸ್. ಬ್ಲರ್ ಎಷ್ಟು ಕೊಡಲಿ?

ಉತ್ತರ: ಕಣ್ಣಂದಾಜಿನಲ್ಲಿ ಸ್ಲೈಡರ್ ಎಳೆಯಬೇಡಿ. ಅಳೆಯೋದಕ್ಕೆ ನಿಮ್ಮ ಹತ್ತಿರವೇ ಒಳ್ಳೆಯ ಗುರುತಿದೆ: ಅಜ್ಜಿಯ ರವಿಕೆ. ಎರಡೂ ಫೋಟೋದಲ್ಲಿ ಅದೇ ಬಟ್ಟೆ, ಅದೇ ಕುತ್ತಿಗೆ ಅಲ್ವಾ?

ಮೊದಲು ಮುಖವನ್ನು ಗ್ರೂಪ್ ಫೋಟೋದ ಅಳತೆಗೆ ಚಿಕ್ಕದು ಮಾಡಿ. ಬ್ಲರ್ ಆಮೇಲೆ. ಬ್ಲರ್ ಲೆಕ್ಕ ಇರೋದು ಪಿಕ್ಸೆಲ್‌ನಲ್ಲಿ. 900 ಪಿಕ್ಸೆಲ್ ಅಗಲದ ಮುಖಕ್ಕೆ ಬ್ಲರ್ ಕೊಟ್ಟು, ಆಮೇಲೆ 300ಕ್ಕೆ ಇಳಿಸಿದರೆ ಕೊಟ್ಟ ಬ್ಲರ್‌ನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತೆ. ಮುಖ ಕತ್ತರಿಸುವಾಗ ಸುತ್ತಲೂ ಕುತ್ತಿಗೆ, ರವಿಕೆಯ ಅಂಚು ಸೇರಿಸಿಕೊಂಡೇ ತನ್ನಿ.

ಈಗ 800%ಗೆ ಜೂಮ್ ಮಾಡಿ. ಗಾಢ ಬಣ್ಣದ ರವಿಕೆ ಮುಗಿದು ಕುತ್ತಿಗೆಯ ಚರ್ಮ ಶುರುವಾಗುವ ಅಂಚು ನೋಡಿ. ಗಾಢದಿಂದ ತಿಳಿಗೆ ಹೋಗೋಕೆ ಎಷ್ಟು ಪಿಕ್ಸೆಲ್ ಹಿಡಿಯುತ್ತೆ ಅಂತ ಎಣಿಸಿ. ಗ್ರೂಪ್ ಫೋಟೋದಲ್ಲಿ 6, ತಂದ ಮುಖದಲ್ಲಿ 2 ಬಂತು ಅಂದುಕೊಳ್ಳಿ. 6ರಲ್ಲಿ 2 ಕಳೆದು 4 ಅನ್ನೋ ಹಾಗಿಲ್ಲ, ಬ್ಲರ್ ಹಾಗೆ ಕೂಡೋದಿಲ್ಲ. ವರ್ಗ ಮಾಡಿ ಕಳೆಯಬೇಕು: 36ರಲ್ಲಿ 4 ಹೋದರೆ 32, ಅದರ ವರ್ಗಮೂಲ ಸುಮಾರು 5.7. ಇದನ್ನು ಎರಡೂವರೆಯಿಂದ ಭಾಗಿಸಿದರೆ ಸುಮಾರು 2.3. `Gaussian Blur`ನಲ್ಲಿ ರೇಡಿಯಸ್ ಅಷ್ಟು ಹಾಕಿ ಶುರು ಮಾಡಿ. ಮತ್ತೆ ಅದೇ ಅಂಚು ಎಣಿಸಿ. 6 ಬಂದರೆ ಸರಿ, ಇಲ್ಲದಿದ್ದರೆ 0.2ರ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮಾಡಿ. ಫೋಟೋಶಾಪ್ ಆದರೆ, ಚಿಕ್ಕದು ಮಾಡಿದ ಲೇಯರ್ ಅನ್ನು `Smart Object` ಮಾಡಿಕೊಂಡು ಬ್ಲರ್ ಹಾಕಿ. ನಂಬರ್ ಯಾವಾಗ ಬೇಕಾದರೂ ಬದಲಿಸಬಹುದು.

ಮಾಸ್ಕ್ ಇದೆಲ್ಲ ಆದ ಮೇಲೆ. ಮುಖವನ್ನು ಬಿಗಿಯಾಗಿ ಕತ್ತರಿಸಿ ಆಮೇಲೆ ಬ್ಲರ್ ಕೊಟ್ಟರೆ ಅಂಚಿನ ಪಿಕ್ಸೆಲ್‌ಗಳು ಅರೆ ಪಾರದರ್ಶಕ ಆಗುತ್ತವೆ. ಕೆಳಗಿರುವ ಹಳೆಯ ಮುಖ ಅಲ್ಲಿ ಇಣುಕುತ್ತೆ. ಕೆನ್ನೆಯ ಸುತ್ತ ಒಂದು ಮಬ್ಬು ಗೆರೆ ಕಂಡರೆ ಇದೇ ಕಾರಣ ಅಂತ ತಿಳಿಯಿರಿ. ಮಾಸ್ಕನ್ನು ಹುಬ್ಬಿನಿಂದ ಗಲ್ಲದವರೆಗೆ ಒಳಗೇ ಇಟ್ಟರೆ ಸಾಕು. ಕೂದಲು, ಕಿವಿ, ಓಲೆ ಎಲ್ಲ ಗ್ರೂಪ್ ಫೋಟೋದ್ದೇ ಇರಲಿ. ಕೂದಲಿನ ತಂಟೆಗೆ ಹೋಗದಿದ್ದರೆ ಅರ್ಧ ಕೆಲಸ ಉಳಿಯಿತು.

ಇಷ್ಟು ಮಾಡಿದ ಮೇಲೂ ಅಜ್ಜಿ ಮುಖ ಮೇಣದ ಗೊಂಬೆ ಹಾಗೆ ಕಾಣಬಹುದು. ನಾನೂ ಮೊದಮೊದಲು ಇಲ್ಲಿ ಎಡವಿ, ಬ್ಲರ್ ಜಾಸ್ತಿ ಆಯ್ತೇನೋ ಅಂತ ಸುಮ್ನೆ ಕಡಿಮೆ ಮಾಡ್ತಾ ಕೂರುತ್ತಿದ್ದೆ. ತಪ್ಪು ಬ್ಲರ್‌ದಲ್ಲ, ಕಾಳಿನದು. ಫೋಕಸ್ ತಪ್ಪೋದು ಲೆನ್ಸ್‌ನಲ್ಲಿ. ಫೋಟೋದ ಸಣ್ಣ ಕಾಳು, ಅಂದರೆ ನಾಯ್ಸ್, ಹುಟ್ಟೋದು ಅದರ ಹಿಂದಿನ ಸೆನ್ಸರ್‌ನಲ್ಲಿ. ಹಾಗಾಗಿ ಮುಖ ಎಷ್ಟೇ ಮಸುಕಾದರೂ ಅದರ ಮೇಲಿನ ಕಾಳು ಮಸುಕಾಗಿರೋದಿಲ್ಲ. ನಾವು ಸಾಫ್ಟ್‌ವೇರ್‌ನಲ್ಲಿ ಬ್ಲರ್ ಕೊಟ್ಟಾಗ ಕಾಳನ್ನೂ ಸೇರಿಸಿ ಅಳಿಸಿಬಿಡ್ತೀವಿ. ಮದುವೆ ಮಂಟಪದ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಫೋಟೋದಲ್ಲಂತೂ ಇದು ಎದ್ದು ಕಾಣುತ್ತೆ.

ಬ್ಲರ್ ಮೇಲೆ `Add Noise` ಹಾಕಿ. `Gaussian`, `Monochromatic` ಆಯ್ಕೆ ಮಾಡಿ 1ರಿಂದ 3% ಒಳಗೆ ನೋಡಿ. ಪಕ್ಕದಲ್ಲಿ ನಿಂತವರ ಕೆನ್ನೆಯನ್ನು 200%ನಲ್ಲಿ ಜೊತೆಗಿಟ್ಟು ಹೋಲಿಸಿ. ಜೆಪೆಗ್ ಆದರೆ ಅದರ ಕಾಳು ಸ್ವಲ್ಪ ಕಲೆಸಿದ ಹಾಗಿರುತ್ತೆ. ನೀವು ಹಾಕಿದ್ದು ತೀರಾ ಚುಚ್ಚುವಂತಿದ್ದರೆ, ನಾಯ್ಸ್ ಮೇಲೆ ಇನ್ನೊಮ್ಮೆ 0.3 ರೇಡಿಯಸ್ ಬ್ಲರ್ ಕೊಡಿ.

ಕೊನೆಯದಾಗಿ ಕಣ್ಣಿನೊಳಗಿನ ಬೆಳಕಿನ ಚುಕ್ಕಿ ನೋಡಿ. ಪಕ್ಕದವರ ಕಣ್ಣಿನಲ್ಲಿ ಆ ಚುಕ್ಕಿ ಒಂದೇ ದಿಕ್ಕಿಗೆ ಗೆರೆಯಂತೆ ಎಳೆದಿದ್ದರೆ ಅದು ಫೋಕಸ್ ತಪ್ಪಿದ್ದಲ್ಲ, ಕ್ಯಾಮೆರಾ ಅಲುಗಿದ್ದು. ಆಗ ಬೇಕಾದ್ದು `Motion Blur`, ಅದೇ ಗೆರೆಯ ಕೋನದಲ್ಲಿ. ಚುಕ್ಕಿ ದುಂಡಗಿನ ಬಿಲ್ಲೆಯಂತೆ ಹರಡಿ ಅಂಚು ಸ್ಪಷ್ಟವಾಗಿದ್ದರೆ `Lens Blur` ಚೆನ್ನಾಗಿ ಹೊಂದುತ್ತೆ. ಗೌಸಿಯನ್ ಅದನ್ನು ಬರೀ ಮಂಕು ಮಾಡಿಬಿಡುತ್ತೆ. ರೇಡಿಯಸ್ 2, 3 ಇರುವ ನಿಮ್ಮಂಥ ಕೇಸಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣೋದು ಕಷ್ಟ, ಗೌಸಿಯನ್ ಸಾಕು.