ಬ್ರಾಂಡ್‌ಗೆ ಬರೆಯುವ ಸಹಯೋಗದ ಪತ್ರ: ಶರತ್ತುಗಳ ಭಾಗ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಡುಗೆ ಚಾನೆಲ್ ಎಂದಿಟ್ಟುಕೊಳ್ಳೋಣ. ಭಾಷೆ ಕನ್ನಡ, ಚಂದಾದಾರರು ಸುಮಾರು ಎಂಟು ಸಾವಿರ. ಚಾನೆಲ್ ನಡೆಸುವಾಕೆ ತೆಂಗಿನೆಣ್ಣೆ ಮಾರುವ ಕಂಪನಿಯೊಂದಕ್ಕೆ ಪತ್ರ ಬರೆಯುತ್ತಿದ್ದಾರೆ. ಹಲಸಿನಕಾಯಿ ಸೋಂಟೆ ಕರಿಯುವ ವಿಡಿಯೋದಲ್ಲಿ ಆ ಕಂಪನಿಯ ಎಣ್ಣೆ ಬಳಸುವುದು, ಅದಕ್ಕೆ ಸಂಭಾವನೆ ಪಡೆಯುವುದು ಅವರ ಪ್ರಸ್ತಾವ.

ಕಾಸರಗೋಡಿನವರಿಗೆ ಮೊದಲ ಸಾಲುಗಳಲ್ಲೇ ಒಂದು ವಿಶೇಷ ಕೆಲಸವಿದೆ. ವಿಳಾಸ ಕೇರಳದ್ದೆಂದು ಕಂಡ ಕೂಡಲೇ ನೋಡುಗರೆಲ್ಲ ಮಲಯಾಳಿಗಳೆಂದು ಕಂಪನಿಯವರು ಎಣಿಸುವುದುಂಟು. ಆದ್ದರಿಂದ ನೋಡುಗರು ಯಾವ ಊರಿನವರು ಎಂಬುದನ್ನು ಮೊದಲೇ ಹೇಳಬೇಕು. ಹೆಚ್ಚಿನವರು ಪುತ್ತೂರು, ಮಂಗಳೂರು, ಬೆಂಗಳೂರಿನವರಾಗಿದ್ದರೆ ಯೂಟ್ಯೂಬ್ ಸ್ಟುಡಿಯೋದ ಅಂಕಿಅಂಶದ ಪುಟದ ಚಿತ್ರವನ್ನು ಲಗತ್ತಿಸಿ. ವೀಕ್ಷಣೆಯ ಲೆಕ್ಕ ಕೊಡುವಾಗ ಅತಿ ಹೆಚ್ಚು ಓಡಿದ ಒಂದು ವಿಡಿಯೋವನ್ನು ಮುಂದೆ ಮಾಡಬೇಡಿ. ಒಂದು ವಿಡಿಯೋ ಅರವತ್ತು ಸಾವಿರ ಕಂಡು, ಉಳಿದವು ಮೂರರಿಂದ ನಾಲ್ಕೂವರೆ ಸಾವಿರದಲ್ಲೇ ಇದ್ದರೆ, ‘ಸಾಮಾನ್ಯವಾಗಿ ಮೂರೂವರೆ ಸಾವಿರ’ ಎಂದು ಬರೆಯುವುದೇ ಸರಿ. ಅರವತ್ತು ಸಾವಿರ ನಂಬಿ ಹಣ ಕೊಟ್ಟವರು ಎರಡನೇ ಸಲ ಕೊಡುವುದಿಲ್ಲ.

ಶರತ್ತುಗಳ ಭಾಗ ಹೀಗಿರಬಹುದು:

“ಎಂಟರಿಂದ ಹತ್ತು ನಿಮಿಷದ ಒಂದು ವಿಡಿಯೋ. ಅದರಲ್ಲಿ ಸುಮಾರು ಒಂದೂವರೆ ನಿಮಿಷ ತಮ್ಮ ಎಣ್ಣೆಯ ಬಳಕೆ ಮತ್ತು ನನ್ನ ಅನುಭವದ ಮಾತು ಇರುತ್ತದೆ. ಸಂಭಾವನೆ ₹12,000. ಇದರಲ್ಲಿ ₹6,000 ಚಿತ್ರೀಕರಣಕ್ಕೆ ಮೊದಲು, ಉಳಿದದ್ದು ವಿಡಿಯೋ ಪ್ರಕಟವಾದ 15 ದಿನಗಳೊಳಗೆ. ಪ್ರಕಟಿಸುವ ಮೊದಲು ಕರಡು ವಿಡಿಯೋದ ಕೊಂಡಿ ಕಳುಹಿಸುತ್ತೇನೆ. ಒಂದು ಸುತ್ತಿನ ತಿದ್ದುಪಡಿ ಉಚಿತ. ಐದು ದಿನಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸಿ ಪ್ರಕಟಿಸುತ್ತೇನೆ.”

ಕೊನೆಯ ವಾಕ್ಯ ಯಾಕೆ ಬೇಕು? ‘ನಮ್ಮ ಒಪ್ಪಿಗೆಯ ನಂತರ ಹಣ’ ಎಂದು ಕಂಪನಿ ಬರೆದು, ಒಪ್ಪಿಗೆ ಕೊಡಬೇಕಾದವರು ಸುಮ್ಮನಾದರೆ ವಿಡಿಯೋ ಅಲ್ಲೇ ಕೊಳೆಯುತ್ತದೆ. ಯಾರೂ ಬೇಡ ಎಂದಿರುವುದಿಲ್ಲ, ಹಣವೂ ಬಂದಿರುವುದಿಲ್ಲ. ತಿದ್ದುಪಡಿಗೂ ಗಡಿ ಹಾಕಬೇಕು. ಬೆಲೆ ತಪ್ಪಾಗಿ ಹೇಳಿದ್ದರೆ ಸರಿಪಡಿಸುವುದು ನಮ್ಮ ಹೊಣೆ. ‘ಬಾಣಲೆ ಬದಲಿಸಿ ಮತ್ತೆ ತೆಗೆಯಿರಿ’ ಎಂದರೆ ಹಲಸಿನಕಾಯಿ ಕೊಯ್ಯುವುದರಿಂದ ಹಿಡಿದು ಎಲ್ಲವೂ ಹೊಸ ಕೆಲಸ. ಅದಕ್ಕೆ ₹3,000 ಬೇರೆ ಎಂದು ಮೊದಲೇ ಬರೆದಿಡಿ.

ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಹೆಚ್ಚು ನಷ್ಟ ತರುವುದು ಮರುಬಳಕೆಯ ಸಾಲು. ವಿಡಿಯೋ ನಮ್ಮ ಚಾನೆಲ್‌ನಲ್ಲಿ ಬರುವುದು ಒಂದು ಸೇವೆ. ಅದರ ತುಣುಕನ್ನು ಕಂಪನಿ ತನ್ನ ಜಾಹೀರಾತಾಗಿ ಓಡಿಸುವುದು ಇನ್ನೊಂದು, ಅದಕ್ಕೆ ಬೇರೆ ಬೆಲೆ. ‘ತಾವು ವಿಡಿಯೋ ಬಳಸಿಕೊಳ್ಳಬಹುದು’ ಎಂದಷ್ಟೇ ಬರೆದು ಕೈಬಿಟ್ಟರೆ ಏನಾಗುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕು ಕೊಡುವ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಇಡೀ ಭಾರತ ಎಂದೂ ಪರಿಗಣಿಸಲಾಗುತ್ತದೆ. ಬಳಕೆಯ ಅನುಮತಿಗೂ ಇದೇ ನಿಯಮ ಅನ್ವಯಿಸುತ್ತದೆ. ಒಂದು ಅಸಡ್ಡೆಯ ವಾಕ್ಯದಿಂದ ನಿಮ್ಮ ಮುಖ, ನಿಮ್ಮ ಅಡುಗೆಮನೆ ಐದು ವರ್ಷ ಜಾಹೀರಾತಿನಲ್ಲಿ ಉಳಿಯಬಹುದು. ಹಾಗಾಗಿ ಹೀಗೆ ಬರೆಯಿರಿ:

“ವಿಡಿಯೋದ ಕೊಂಡಿಯನ್ನು ತಮ್ಮ ಪುಟಗಳಲ್ಲಿ ಹಂಚಿಕೊಳ್ಳಲು ಶುಲ್ಕವಿಲ್ಲ. ತುಣುಕನ್ನು ಹಣ ಕೊಟ್ಟು ಓಡಿಸುವ ಜಾಹೀರಾತಾಗಿ ಬಳಸುವುದಾದರೆ ಮೂರು ತಿಂಗಳಿಗೆ, ಕೇರಳ ಮತ್ತು ಕರ್ನಾಟಕಕ್ಕೆ ಸೀಮಿತವಾಗಿ, ₹4,000 ಪ್ರತ್ಯೇಕ.”

ಇದೇ ಲೆಕ್ಕದಲ್ಲಿ, ಬೇರೆ ಅಡುಗೆ ಎಣ್ಣೆಯ ಪ್ರಚಾರ ಮಾಡಬಾರದು ಎಂದು ಅವರು ಕೇಳಿದರೆ ಅದಕ್ಕೂ ದಿನಗಳ ಮಿತಿ ಇರಲಿ. ಮೂವತ್ತು ದಿನ ಸಾಕು.

ಪ್ರಚಾರವೆಂದು ಹೇಳುವ ಶರತ್ತನ್ನು ಚೌಕಾಸಿಗೆ ಇಡಬಾರದು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ ಈ ಸೂಚನೆ ಪ್ರಚಾರದ ಭಾಷೆಯಲ್ಲೇ ಇರಬೇಕು, ವಿಡಿಯೋದ ಒಳಗೇ ಕಾಣಬೇಕು ಮತ್ತು ಕೇಳಬೇಕು. ಕನ್ನಡ ವಿಡಿಯೋದ ವಿವರಣೆಯ ತುದಿಯಲ್ಲಿ ಇಂಗ್ಲಿಷಿನ ಒಂದು ಪದ ಹಾಕಿದರೆ ಸಾಲದು. ಪತ್ರದಲ್ಲಿ ‘ಇದು ಪಾವತಿಸಿದ ಪ್ರಚಾರ ಎಂದು ಆರಂಭದಲ್ಲೇ ಕನ್ನಡದಲ್ಲಿ ತಿಳಿಸುತ್ತೇನೆ, ಯೂಟ್ಯೂಬ್‌ನ ಪ್ರಚಾರದ ಗುರುತನ್ನೂ ಹಾಕುತ್ತೇನೆ’ ಎಂದು ಬರೆಯಿರಿ. ಎಣ್ಣೆಯಿಂದ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂಬಂಥ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಎಂಬುದನ್ನೂ ಸೇರಿಸಿ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಅದು ಪ್ರಚಾರ ಮಾಡಿದವರ ಮೇಲೂ ಬೀಳಬಹುದು.

ಕೊನೆಗೆ ದಿನಾಂಕ. ಪ್ರಕಟಿಸುವ ದಿನವನ್ನು ಕಾರಣ ಸಹಿತ ಹೇಳಿದರೆ ಕಂಪನಿಗೆ ತೀರ್ಮಾನ ಸುಲಭ: ‘ಮಳೆ ಹಿಡಿದ ಮೇಲೆ ಹಲಸಿನಕಾಯಿಯಲ್ಲಿ ನೀರಿನಂಶ ಏರಿ ಸೋಂಟೆ ಗರಿಗರಿಯಾಗುವುದಿಲ್ಲ. ಮೇ ಮೊದಲ ವಾರ ಪ್ರಕಟಿಸಬೇಕಾದ್ದರಿಂದ ಏಪ್ರಿಲ್ 10ರೊಳಗೆ ಉತ್ತರ ಕೋರುತ್ತೇನೆ.’ ಉತ್ತರ ಫೋನಿನಲ್ಲಿ ಬಂದರೂ, ಮಾತಾಡಿದ ಶರತ್ತುಗಳನ್ನು ಅದೇ ದಿನ ಇಮೇಲ್ ಮಾಡಿ, ‘ಒಪ್ಪಿದ್ದೇವೆ’ ಎಂಬ ಮರುಪತ್ರ ತರಿಸಿಕೊಂಡ ಮೇಲೆಯೇ ಕ್ಯಾಮೆರಾ ಹೊರತೆಗೆಯಿರಿ.