ಶಾಲೆಗೆ ಸೇರಿದ ವರ್ಷದಿಂದ ಹುಟ್ಟಿದ ದಿನ: ದಾಖಲಾತಿ ರಿಜಿಸ್ಟರ್ ಓದುವ ಬಗೆ

ಜನನ ಪ್ರಮಾಣಪತ್ರ ಇಲ್ಲದವರ ವಯಸ್ಸು ಕಂಡುಹಿಡಿಯಲು ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವ ದಾರಿ ಒಂದಿದೆ. ಅವರು ಮೊದಲ ಸಲ ಶಾಲೆಗೆ ಸೇರಿದ್ದು ಯಾವ ವರ್ಷ, ಯಾವ ತರಗತಿಗೆ ಎಂದು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸುವುದು. ಅಜ್ಜ ಅಜ್ಜಿಯ ಪಿಂಚಣಿ ಕಾಗದ ಹೊಂದಿಸುವವರಿಗೆ, ಮನೆತನದ ವಂಶಾವಳಿ ಬರೆಯುವವರಿಗೆ ಇದರ ಅಗತ್ಯ ಬೀಳುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಜನರಿಗೆ ಶಾಲೆಯ ದಾಖಲಾತಿ ರಿಜಿಸ್ಟರೇ ಮೊದಲ ಸರ್ಕಾರಿ ಗುರುತು.

ಲೆಕ್ಕ ಸುಲಭ. ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಸುಮಾರು ಆರು ವರ್ಷ. ಎರಡನೆಯದಕ್ಕೆ ಸೇರಿದರೆ ಏಳು, ಮೂರಕ್ಕೆ ಸೇರಿದರೆ ಎಂಟು. ಅಂದರೆ ಸೇರಿದ ವರ್ಷದಿಂದ ತರಗತಿಯ ಸಂಖ್ಯೆಯನ್ನು ಕಳೆಯಬೇಕು, ಆಮೇಲೆ ಇನ್ನೊಂದು ಐದು ಕಳೆಯಬೇಕು. 1962ರಲ್ಲಿ ಮೂರನೇ ತರಗತಿಗೆ ಸೇರಿದವರು 1954ರ ಆಸುಪಾಸಿನಲ್ಲಿ ಹುಟ್ಟಿದವರು. ಇದರಿಂದ ಸಿಗುವುದು ವರ್ಷ ಮಾತ್ರ, ಅದೂ ಹಿಂದೆ ಮುಂದೆ ಎರಡು ವರ್ಷ ಜಾರಬಹುದಾದ ವರ್ಷ.

ರಿಜಿಸ್ಟರಿನಲ್ಲೇ ಹುಟ್ಟಿದ ದಿನಾಂಕದ ಕಾಲಂ ಇದೆಯಲ್ಲ, ಅದನ್ನೇ ತೆಗೆದುಕೊಂಡರೆ ಆಗದೇ ಎಂದು ಕೇಳಬಹುದು. ತೊಡಕು ಇರುವುದೇ ಆ ಕಾಲಂನಲ್ಲಿ. ಅಪ್ಪನೋ ಅಜ್ಜನೋ ಮಗುವನ್ನು ಕರೆತಂದಾಗ ತಾರೀಖು ಗೊತ್ತಿರುತ್ತಿರಲಿಲ್ಲ. "ರಾಗಿ ಕೊಯ್ಲಿನ ಹೊತ್ತಿಗೆ ಹುಟ್ಟಿದ್ದು, ಮೇಷ್ಟ್ರೇ" ಎನ್ನುವಷ್ಟು ಗೊತ್ತಿದ್ದರೆ ಅದೇ ದೊಡ್ಡದು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತರಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ತುಂಬಿದೆ ಎಂದು ಲೆಕ್ಕ. ಈ ಪರೀಕ್ಷೆ ಸುಮ್ನೆ ಹುಟ್ಟಿದ್ದಲ್ಲ. ಚಿಕ್ಕ ಮಕ್ಕಳ ತಲೆ ದೊಡ್ಡದು, ಕೈ ಗಿಡ್ಡ. ಆರರ ಹೊತ್ತಿಗೆ ಕೈ ಉದ್ದವಾಗಿ ಕಿವಿಗೆ ಎಟುಕುತ್ತದೆ. ಆದರೆ ಬೆಳವಣಿಗೆ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಹೊಟ್ಟೆತುಂಬ ಊಟ ಕಾಣದ ಮಗುವಿಗೆ ಏಳಾದರೂ ಎಟುಕದಿರಬಹುದು, ಚೆನ್ನಾಗಿ ಬೆಳೆದ ಮಗುವಿಗೆ ಐದೂವರೆಗೇ ಎಟುಕಬಹುದು.

ಕಿವಿ ಮುಟ್ಟಿದ ಮೇಲೆ ತಾರೀಖು ಬರೆಯಬೇಕಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಆರು ವರ್ಷ ಹಿಂದಕ್ಕೆ ಹೋಗಿ ಜೂನ್ 1 ಎಂದು ಬರೆದುಬಿಟ್ಟರೆ ನಿಯಮಕ್ಕೂ ಸರಿ, ಕೆಲಸವೂ ಮುಗಿಯಿತು. ನಮ್ಮ ಹಿರಿಯರಲ್ಲಿ ಇಷ್ಟೊಂದು ಜನ ಜೂನ್ 1ರಂದೇ ಹುಟ್ಟಿರುವುದು ಹೀಗೆ. ಕರ್ನಾಟಕದಲ್ಲಿ ಬಹಳ ಕಾಲ ಒಂದನೇ ತರಗತಿಗೆ 5 ವರ್ಷ 10 ತಿಂಗಳು ತುಂಬಿರಬೇಕು ಎಂಬ ನಿಯಮವಿತ್ತು. ಅದನ್ನು ಜೂನ್ 1ರಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ 1 ಬರುತ್ತದೆ. ಆದ್ದರಿಂದ ಆಗಸ್ಟ್ 1 ಅಥವಾ ಜುಲೈ ಕೊನೆಯ ತಾರೀಖು ಕಂಡರೂ ನಾನು ಅನುಮಾನದಿಂದಲೇ ನೋಡುತ್ತೇನೆ. ನೆರೆಯ ಕೇರಳದಲ್ಲಿ ಪ್ರತಿ ವರ್ಷ ಮೇ 31ರಂದು ಸರ್ಕಾರಿ ನೌಕರರು ಸಾವಿರಗಟ್ಟಲೆ ನಿವೃತ್ತರಾಗುವುದಕ್ಕೂ ಕಾರಣ ಇಂಥದ್ದೇ. ಶಾಲೆಗೆ ಸೇರಿಸಲು ಬರೆಸಿದ ಮೇ ತಿಂಗಳ ತಾರೀಖು ಐವತ್ತು ವರ್ಷ ಕಳೆದ ಮೇಲೂ ಅವರ ಜೊತೆಗೇ ಬರುತ್ತದೆ.

ಸಿದ್ದರಾಮಯ್ಯನವರು ತಮ್ಮ ಹುಟ್ಟಿದ ದಿನ ಖಚಿತವಾಗಿ ಗೊತ್ತಿಲ್ಲ, ಶಾಲೆಯಲ್ಲಿ ಮೇಷ್ಟ್ರು ಬರೆದದ್ದೇ ದಾಖಲೆ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2022ರ ಆಗಸ್ಟ್ 3ರಂದು ದಾವಣಗೆರೆಯಲ್ಲಿ ಅವರ 75ರ ಸಂಭ್ರಮ ನಡೆದದ್ದೂ ಆ ದಾಖಲೆಯ ಪ್ರಕಾರವೇ. ಅವರು ಚಿಕ್ಕಂದಿನಲ್ಲಿ ಶಾಲೆಯ ಮುಖ ಕಂಡಿರಲಿಲ್ಲ, ತಡವಾಗಿ ನೇರ ಮೇಲಿನ ತರಗತಿಗೆ ಸೇರಿದರು. ಇಂಥ ಕಡೆ ತರಗತಿಯಿಂದ ವಯಸ್ಸಿಗೆ ಹೋಗುವ ದಾರಿ ಇನ್ನಷ್ಟು ಸಡಿಲವಾಗುತ್ತದೆ. ಮಗುವಿನ ಎತ್ತರ, ಓದು ಬರಹ ಎಷ್ಟು ಬರುತ್ತದೆ ಎಂಬುದನ್ನು ನೋಡಿ ಮೇಷ್ಟ್ರು ತರಗತಿ ಕೊಡುತ್ತಿದ್ದರು. ಹಾಗಾಗಿ ಆ ತರಗತಿ ಅವರ ಅಂದಾಜು, ಅದರಿಂದ ತೆಗೆದ ವಯಸ್ಸು ನಮ್ಮ ಅಂದಾಜು. ಒಂದರ ಮೇಲೊಂದು ಕೂತಿರುತ್ತದೆ.

ಹಾಗಾದರೆ ರಿಜಿಸ್ಟರಿನ ತಾರೀಖು ನಿಜವೋ ಲೆಕ್ಕದ್ದೋ ಎಂದು ತಿಳಿಯುವುದು ಹೇಗೆ? ಒಂದೇ ಸಾಲಿನ ನಕಲು ತಂದರೆ ತಿಳಿಯುವುದಿಲ್ಲ, ಇಡೀ ಪುಟ ನೋಡಬೇಕು. ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಮೇಲಿನ ಹತ್ತು ಸಾಲು, ಕೆಳಗಿನ ಹತ್ತು ಸಾಲು ಓದಿ. ಅದೇ ವಾರ ಸೇರಿದ ಮಕ್ಕಳಲ್ಲಿ ಅರ್ಧದಷ್ಟು ಜನ ಒಂದೇ ತಾರೀಖಿನವರಾಗಿದ್ದರೆ ಆ ಪುಟದ ತಾರೀಖುಗಳೆಲ್ಲ ಮೇಷ್ಟ್ರ ಲೆಕ್ಕ. ಅಣ್ಣ ತಂಗಿಯ ನಡುವೆ ಐದೇ ತಿಂಗಳ ಅಂತರ ಕಂಡರೆ ಇನ್ನೂ ಸ್ಪಷ್ಟ. ಅದೇ ಪುಟದಲ್ಲಿ ಒಬ್ಬ ಮಗುವಿಗೆ ಮಾತ್ರ 23-11-1953 ಎಂಬಂಥ ತಾರೀಖು ಇದ್ದರೆ ಅದಕ್ಕೆ ಬೆಲೆ ಜಾಸ್ತಿ. ಆ ಮನೆಯಲ್ಲಿ ಜಾತಕವೋ ಬರೆದಿಟ್ಟ ಚೀಟಿಯೋ ಇದ್ದಿರಬೇಕು.

ಆಮೇಲೆ 'ಹಿಂದೆ ಓದಿದ ಶಾಲೆ' ಎಂಬ ಕಾಲಂ. ಅಲ್ಲಿ ಇನ್ನೊಂದು ಊರಿನ ಹೆಸರಿದ್ದರೆ ನಿಮ್ಮ ಕೈಯಲ್ಲಿರುವುದು ಮೊದಲ ದಾಖಲಾತಿಯಲ್ಲ, ಟಿ.ಸಿ. ತಂದು ಸೇರಿದ್ದು. ನಡುವೆ ಫೇಲಾಗಿದ್ದರೆ, ಒಂದೆರಡು ವರ್ಷ ಶಾಲೆ ಬಿಟ್ಟಿದ್ದರೆ ಲೆಕ್ಕ ಅಷ್ಟೂ ವರ್ಷ ತಪ್ಪುತ್ತದೆ. ಹಳೆಯ ಶಾಲೆಗೇ ಹೋಗಬೇಕು. ಕಾಲಂ ಖಾಲಿ ಇದ್ದರೂ ಕೂಲಿಮಠದಲ್ಲಿ ಅಕ್ಷರ ಕಲಿತಿದ್ದರೇ ಎಂದು ಮನೆಯವರನ್ನು ಕೇಳಿ. ಅಲ್ಲಿ ಓದಿ ಬಂದವರನ್ನು ನೇರ ಎರಡಕ್ಕೋ ಮೂರಕ್ಕೋ ಕೂರಿಸುತ್ತಿದ್ದರು.

ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಮಾಡೋಣ. ಹೆಸರು, ಊರು ಬೇಡ. ಹಳೆ ಮೈಸೂರು ಕಡೆಯ ಒಬ್ಬ ಅಜ್ಜಿ ಎಂದುಕೊಳ್ಳಿ. ರಿಜಿಸ್ಟರಿನಲ್ಲಿ ಹೀಗಿದೆ: ಸೇರಿದ್ದು 1958ರ ಜೂನ್ 16, ತರಗತಿ ಎರಡು, ಹಿಂದೆ ಓದಿದ ಶಾಲೆ ಖಾಲಿ, ಹುಟ್ಟಿದ ದಿನಾಂಕ 1-6-1951. ಸೂತ್ರ ಹಾಕಿ: 1958ರಲ್ಲಿ ಎರಡು ಕಳೆದು, ಮತ್ತೆ ಐದು ಕಳೆದರೆ 1951. ತಾರೀಖು ಲೆಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದೆ ಕೂತಿದೆ. ಅಷ್ಟು ಸರಿಯಾಗಿ ಕೂತಿರುವುದರಿಂದಲೇ ಅದನ್ನು ಬದಿಗಿಡಬೇಕು. ತರಗತಿ ಮತ್ತು ವರ್ಷ ಹೇಳುವುದಕ್ಕಿಂತ ಹೊಸದೇನನ್ನೂ ಅದು ಹೇಳುತ್ತಿಲ್ಲ.

ಈಗ ಅವಧಿ ಹಾಕಿಕೊಳ್ಳಿ. ನೇರ ಎರಡನೆಯದಕ್ಕೆ ಕೂರಿಸಿದ್ದಾರೆ ಎಂದರೆ ಹುಡುಗಿ ಆಗಲೇ ಬೆಳೆದಿದ್ದಳು. ಆರೂವರೆಯಿಂದ ಒಂಬತ್ತರವರೆಗೆ ಎಂದುಕೊಂಡರೆ, ಹುಟ್ಟಿದ್ದು 1949ರ ಮಧ್ಯದಿಂದ 1951ರ ಕೊನೆಯೊಳಗೆ. ಇಷ್ಟನ್ನು ಶಾಲೆ ಕೊಟ್ಟಿತು. ಮುಂದಿನದನ್ನು ಒಡಹುಟ್ಟಿದವರ ದಾಖಲೆ ಕೊಡಬೇಕು. ಅದೇ ರಿಜಿಸ್ಟರಿನಲ್ಲಿ ಅಣ್ಣನ ತಾರೀಖು 12-11-1948 ಎಂದಿದೆ. ಸುತ್ತಿನ ಸಾಲುಗಳಿಗಿಂತ ಬೇರೆಯಾಗಿದೆ, ನಂಬಬಹುದು. ತಮ್ಮನ ಜನನ ಊರಿನ ಹಳೆಯ ಜನನ ರಿಜಿಸ್ಟರಿನಲ್ಲಿ 1952ರ ನವೆಂಬರ್ ಎಂದು ಸಿಕ್ಕಿದೆ. ಅಜ್ಜಿ ಇವರಿಬ್ಬರ ನಡುವಿನವರು.

ಮನೆಯಲ್ಲಿ ಉಳಿದ ಮಾತು ಎರಡು. ಗೌರಿ ಹಬ್ಬದ ವಾರದಲ್ಲಿ ಹುಟ್ಟಿದ್ದು, ಮತ್ತು ವಿಕೃತಿ ಸಂವತ್ಸರ. ಮೊದಲು ಹಬ್ಬವನ್ನೇ ನೋಡೋಣ. ನಮ್ಮ ಅವಧಿಯಲ್ಲಿ ಮೂರು ಗೌರಿ ಹಬ್ಬ ಬರುತ್ತವೆ: 1949ರದ್ದು ಆಗಸ್ಟ್ ಕೊನೆಗೆ, 1950ರದ್ದು ಸೆಪ್ಟೆಂಬರ್ ಮಧ್ಯಕ್ಕೆ, 1951ರದ್ದು ಸೆಪ್ಟೆಂಬರ್ ಮೊದಲ ವಾರಕ್ಕೆ. 1949 ಆದರೆ ಅಣ್ಣ ಹುಟ್ಟಿ ಒಂಬತ್ತೂವರೆ ತಿಂಗಳಷ್ಟೇ ಆಗಿರುತ್ತದೆ, ಅದು ಆಗದ ಮಾತು. 1951 ಆದರೆ ತಮ್ಮನಿಗೂ ಇವರಿಗೂ ಹದಿನಾಲ್ಕು ತಿಂಗಳ ಅಂತರ. ಸಾಧ್ಯ, ಆದರೆ ಎದೆಹಾಲು ಕುಡಿಸುತ್ತಿದ್ದ ಕಾಲದಲ್ಲಿ ಅಷ್ಟು ಹತ್ತಿರದ ಹೆರಿಗೆ ಅಪರೂಪ. 1950 ಆದರೆ ಎರಡೂ ಕಡೆ ಎರಡು ವರ್ಷದಷ್ಟು ಅಂತರ ಬರುತ್ತದೆ.

ವಿಕೃತಿ ಸಂವತ್ಸರ 1950ರ ಯುಗಾದಿಯಿಂದ 1951ರ ಯುಗಾದಿಯವರೆಗೆ ಇತ್ತು. ಅದರ ಹಿಂದಿನದು ವಿರೋಧಿ, ಮುಂದಿನದು ಖರ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಒಬ್ಬರ ಆಯುಸ್ಸಿನಲ್ಲಿ ಗೊಂದಲ ಆಗುವುದು ಕಡಿಮೆ. ಹಾಗಾಗಿ ಶಾಲೆಯ ವರ್ಷಕ್ಕೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಇಲ್ಲಿ ಎರಡೂ ಒಂದೇ ಕಡೆ ಬಂದು ನಿಂತವು: 1950ರ ಸೆಪ್ಟೆಂಬರ್ ಮಧ್ಯ. ಶಾಲೆಗೆ ಸೇರಿದಾಗ ಅವರಿಗೆ ಏಳು ವರ್ಷ ಒಂಬತ್ತು ತಿಂಗಳು. ಮೇಷ್ಟ್ರ ತಾರೀಖು ಅವರನ್ನು ಎಂಟು ತಿಂಗಳಿಗೂ ಹೆಚ್ಚು ಚಿಕ್ಕವರನ್ನಾಗಿ ಮಾಡಿತ್ತು.

ಇಂಥ ಹುಡುಕಾಟದಲ್ಲಿ ಜನ ಎಡವುವ ಜಾಗ ಇನ್ನೊಂದಿದೆ. "ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಅದೇ ಇದೆ, ಸರ್ವಿಸ್ ರಿಜಿಸ್ಟರಿನಲ್ಲೂ ಅದೇ ಇದೆ, ಪಿಂಚಣಿ ಪುಸ್ತಕದಲ್ಲೂ ಅದೇ" ಎಂದು ಮೂರು ಕಾಗದ ಮುಂದಿಡುತ್ತಾರೆ. ಆ ಮೂರೂ ಒಂದೇ ದಾಖಲಾತಿ ಸಾಲಿನಿಂದ ಇಳಿದು ಬಂದವು. ಅವು ಒಂದನ್ನೊಂದು ಒಪ್ಪುವುದರಲ್ಲಿ ವಿಶೇಷವಿಲ್ಲ. ಶಾಲೆಯನ್ನು ದಾಟದೆ ಬಂದ ಕಾಗದ ಮಾತ್ರ ನಿಜವಾದ ಎರಡನೇ ಸಾಕ್ಷಿ: ಜಾತಕ, ಹಳೆಯ ಜನನ ರಿಜಿಸ್ಟರ್, ಆಸ್ಪತ್ರೆಯ ಚೀಟಿ. ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ ಅದನ್ನೂ ಪರೀಕ್ಷಿಸಿ ನೋಡಿ. ವಯಸ್ಸನ್ನಷ್ಟೇ ಹೇಳಿದವರಿಗೆ ವರ್ಷ ಎಣಿಸಿ ಜನವರಿ 1 ಹಾಕುವ ಪದ್ಧತಿ ಅಲ್ಲಿತ್ತು.

ಕೋರ್ಟುಗಳೂ ಇದೇ ಪ್ರಶ್ನೆ ಕೇಳುತ್ತವೆ. 1988ರಲ್ಲಿ ಬಿರಾದ್ ಮಲ್ ಸಿಂಘ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲಾ ರಿಜಿಸ್ಟರಿನ ವಯಸ್ಸನ್ನು ಯಾವ ಆಧಾರದ ಮೇಲೆ ಬರೆದರು ಎಂದು ತೋರಿಸದಿದ್ದರೆ ಅದಕ್ಕೆ ಹೆಚ್ಚು ಬೆಲೆ ಇಲ್ಲ ಎಂದಿತು. ಹೇಳಿದವರು ಯಾರು, ಬರೆದವರು ಯಾರು ಎಂಬುದು ಮುಖ್ಯ. ಹಾಗಂತ ನಿಮ್ಮ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಸರ್ಕಾರಿ ದಾಖಲೆ ಬದಲಾಗುವುದಿಲ್ಲ. ಕರ್ನಾಟಕದ ಸರ್ಕಾರಿ ನೌಕರರಿಗೆ 1974ರ ವಯಸ್ಸು ನಿರ್ಧಾರ ಕಾಯ್ದೆ ಇದೆ. ಸರ್ವಿಸ್ ರಿಜಿಸ್ಟರಿನಲ್ಲಿ ತಾರೀಖು ದಾಖಲಾದ ಮೂರು ವರ್ಷದೊಳಗೆ ಕೇಳಿಕೊಳ್ಳದಿದ್ದರೆ ಆಮೇಲೆ ತಿದ್ದಲು ದಾರಿ ಮುಚ್ಚುತ್ತದೆ.

ವಂಶಾವಳಿಯಲ್ಲಿ ಬರೆಯುವಾಗ ಆ ತೊಂದರೆ ಇಲ್ಲ. ಎರಡನ್ನೂ ಬರೆಯಿರಿ: "ದಾಖಲೆಯಂತೆ 1-6-1951, ಲೆಕ್ಕದಂತೆ 1950ರ ಸೆಪ್ಟೆಂಬರ್, ಗೌರಿ ಹಬ್ಬದ ವಾರ." ಪಕ್ಕದಲ್ಲೇ ಆಧಾರವನ್ನೂ ಹಾಕಿ: ದಾಖಲಾತಿ ಸಂಖ್ಯೆ, ಅಣ್ಣ ತಮ್ಮನ ತಾರೀಖು, ಸಂವತ್ಸರ ಹೇಳಿದವರು ಯಾರು ಎಂಬುದು. ನಾಳೆ ಮೊಮ್ಮಕ್ಕಳಿಗೆ ಹೊಸ ಕಾಗದವೊಂದು ಸಿಕ್ಕರೆ, ಎಲ್ಲಿಂದ ತಿದ್ದಬೇಕು ಎಂದು ಅವರಿಗೆ ಗೊತ್ತಾಗುತ್ತದೆ.